ವೇಗ, ದೂರ, ಸಮಯದ ತ್ರಿಕೋನ: ನಾನು ಮಕ್ಕಳಿಗೆ ಹೇಳಿಕೊಡೋ ರೀತಿ

ಮಲ್ಲೇಶ್ವರದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತೇನೆ. ಆರು, ಏಳನೇ ಕ್ಲಾಸಿನ ಮಕ್ಕಳೇ ಜಾಸ್ತಿ. ಈ ತ್ರಿಕೋನ ಅವರಿಗೆ ಹೊಸದೇನಲ್ಲ, ಎಲ್ಲೋ ವಿಡಿಯೋದಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಮೇಲೆ ದೂರ, ಕೆಳಗೆ ವೇಗ ಮತ್ತು ಸಮಯ. ಬೇಕಾದ್ದನ್ನು ಬೆರಳಲ್ಲಿ ಮುಚ್ಚು, ಉಳಿದದ್ದು ಸೂತ್ರ. 100 ಕಿ.ಮೀ. ದೂರ, 2 ಗಂಟೆ ಅಂದರೆ ಥಟ್ ಅಂತ 50 ಅನ್ನುತ್ತಾರೆ. ಆದರೆ "ನೀನು ಮನೆಯಿಂದ ಸ್ಕೂಲಿಗೆ ಎಷ್ಟು ಸ್ಪೀಡಲ್ಲಿ ನಡೀತೀಯ?" ಅಂತ ಕೇಳಿ ನೋಡಿ. 20 ಅನ್ನುತ್ತಾರೆ, 40 ಅನ್ನುತ್ತಾರೆ. ಅಪ್ಪನ ಸ್ಕೂಟರ್ ಮೀಟರ್ ಬಿಟ್ಟರೆ ವೇಗ ಅನ್ನೋದನ್ನು ಅವರು ಬೇರೆಲ್ಲೂ ಕಂಡಿರುವುದಿಲ್ಲ, ಅದಕ್ಕೆ.

ಹಾಗಾಗಿ ನಾನು ತ್ರಿಕೋನವನ್ನು ಕೊನೆಗೆ ಇಡುತ್ತೇನೆ. ಮೊದಲು ನಡೆಸುತ್ತೇನೆ.

ನಮ್ಮ ಹಾಲಿನಲ್ಲಿ ಎರಡಡಿಯ ಟೈಲ್ಸ್ ಇದೆ, ಒಂದೊಂದು ಸುಮಾರು 60 ಸೆಂಟಿಮೀಟರ್. ಏಳನೇ ಕ್ಲಾಸಿನ ಒಬ್ಬ ಹುಡುಗಿಗೆ ಗೋಡೆ ಪಕ್ಕದಿಂದ ಹತ್ತು ಹೆಜ್ಜೆ ನಡೆ ಅಂದೆ. ಎಲ್ಲರೂ ನೋಡುತ್ತಿದ್ದರೆ ಮಕ್ಕಳು ಬೇಕಂತಲೇ ದೊಡ್ಡ ಹೆಜ್ಜೆ ಹಾಕುತ್ತಾರೆ, ಅದಕ್ಕೆ ಒಂದೆರಡು ಸಲ ಸುಮ್ನೆ ಓಡಾಡಿಸಿ ಆಮೇಲೆ ಎಣಿಸಬೇಕು. ಹತ್ತು ಹೆಜ್ಜೆಗೆ ಒಂಬತ್ತು ಟೈಲ್ಸ್ ಬಂತು. ಅಂದರೆ 540 ಸೆಂ.ಮೀ., ಒಂದು ಹೆಜ್ಜೆಗೆ 54. ಆಮೇಲೆ ಮನೆ ಮುಂದಿನ ರಸ್ತೆಯಲ್ಲಿ ಒಂದು ನಿಮಿಷ ಮಾಮೂಲಿಯಾಗಿ ನಡೆಸಿದೆ, ಫೋನಿನ ಸ್ಟಾಪ್‌ವಾಚ್ ಇನ್ನೊಬ್ಬಳ ಕೈಲಿ. ಹೆಚ್ಚೂಕಮ್ಮಿ 110 ಹೆಜ್ಜೆ. 110 ಸಲ 54 ಸೆಂ.ಮೀ. ಅಂದರೆ 60 ಮೀಟರಿಗೆ ಸ್ವಲ್ಪವೇ ಕಮ್ಮಿ. ಲೆಕ್ಕಕ್ಕೆ ಸುಲಭ ಅಂತ 60 ಅಂತಲೇ ಇಟ್ಟುಕೊಂಡೆವು.

ಇಲ್ಲಿಗೆ ವೇಗ ಸಿಕ್ಕಿತು, ಸೂತ್ರದ ಮಾತೇ ಬರಲಿಲ್ಲ. ಒಂದು ನಿಮಿಷಕ್ಕೆ 60 ಮೀಟರ್. ಗಂಟೆಗೆ 60 ನಿಮಿಷ, ಹಾಗಾಗಿ 3,600 ಮೀಟರ್, ಅಂದರೆ ಗಂಟೆಗೆ 3.6 ಕಿ.ಮೀ. "ಅಷ್ಟೇನಾ ಮಿಸ್?" ಅಂತ ಅವಳಿಗೆ ಬೇಜಾರು. ದೊಡ್ಡವರು ಬಿರಬಿರನೆ ನಡೆದರೂ ಗಂಟೆಗೆ 5 ಕಿ.ಮೀ. ಆಸುಪಾಸೇ ಅಂದ ಮೇಲೆ ಸಮಾಧಾನ ಆಯಿತು.

ಮುಂದಿನ ಪ್ರಶ್ನೆ: ಸ್ಕೂಲು ಎಷ್ಟು ದೂರ? ಮನೆ ಗೇಟಿನಿಂದ ಸ್ಕೂಲ್ ಗೇಟಿಗೆ 15 ನಿಮಿಷ ಅಂತ ಅವಳೇ ಬೆಳಿಗ್ಗೆ ನೋಡಿಕೊಂಡು ಬಂದಿದ್ದಳು. ಒಂದು ನಿಮಿಷಕ್ಕೆ 60 ಮೀಟರ್ ಆದರೆ 15 ನಿಮಿಷಕ್ಕೆ 15 ಸಲ 60, 900 ಮೀಟರ್. ಇದು ಯಾವ ಮಗುವಿಗೂ ಕಷ್ಟ ಆಗಲ್ಲ, ಬರೀ ಮಗ್ಗಿ. ತ್ರಿಕೋನದ ಬೇರು ಇರೋದು ಈ ಗುಣಾಕಾರದಲ್ಲೇ. 60 × 15 = 900 ಗೊತ್ತಿದ್ದರೆ 900 ÷ 15 = 60, 900 ÷ 60 = 15 ಅನ್ನೋದು ಮೂರನೇ ಕ್ಲಾಸಿನಿಂದ ಮಾಡಿದ ಲೆಕ್ಕ. ಆಗ ಮಾತ್ರ ಹಾಳೆ ಮೇಲೆ ಇದನ್ನು ಬರೆಯುತ್ತೇನೆ:

```
       ದೂರ
   ------------
   ವೇಗ  |  ಸಮಯ
```

ಅಡ್ಡ ಗೆರೆ ಅಂದರೆ ಭಾಗಾಕಾರ, ನಡುವಿನ ಉದ್ದ ಗೆರೆ ಅಂದರೆ ಗುಣಾಕಾರ. ದೂರ ಮುಚ್ಚಿದರೆ ವೇಗ × ಸಮಯ ಉಳಿಯುತ್ತೆ. ವೇಗ ಮುಚ್ಚಿದರೆ ದೂರ ಮೇಲೆ, ಸಮಯ ಕೆಳಗೆ. ಸಮಯ ಮುಚ್ಚಿದರೆ ದೂರ ಮೇಲೆ, ವೇಗ ಕೆಳಗೆ. ಕೆಳಗಿನ ಎರಡರಲ್ಲಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಅದು ಹೇಗಿದ್ದರೂ ನಡೆಯುತ್ತೆ, ಗುಣಾಕಾರಕ್ಕೆ ಹಿಂದುಮುಂದು ಇಲ್ಲ. ಮೇಲೆ ಯಾರು ಕೂರುತ್ತಾರೆ ಅನ್ನೋದು ಮಾತ್ರ ಮುಖ್ಯ. ಪರೀಕ್ಷೆಯಲ್ಲಿ ಅದೇ ಮರೆತುಹೋದರೆ? ಸ್ಕೂಟರ್ ಮೀಟರಿನ ಮೇಲೆ km/h ಅಂತ ಬರೆದಿರುತ್ತೆ ಅಲ್ವಾ, ಕಿಲೋಮೀಟರ್, ಗೆರೆ, ಗಂಟೆ. ವೇಗ ಅಂದರೆ ದೂರ ಭಾಗಿಸು ಸಮಯ ಅಂತ ಅದರಲ್ಲೇ ಇದೆ. ಕಿ.ಮೀ. ಗೆರೆಯ ಮೇಲೆ, ಗಂಟೆ ಗೆರೆಯ ಕೆಳಗೆ. ಇದನ್ನು ಒಂದು ಸಲ ತೋರಿಸಿದ ಮೇಲೆ ಬಾಯಿಪಾಠ ಮಾಡಿಸೋ ಅಗತ್ಯ ನನಗೆ ಬಿದ್ದಿಲ್ಲ.

ಆಮೇಲೆ ಫೋನಿನ ಮ್ಯಾಪಿನಲ್ಲಿ ಅವಳ ದಾರಿ ಹಾಕಿ ನೋಡಿದೆವು. 840 ಮೀಟರ್ ಅಂತ ಬಂತು. ನಮ್ಮದು 900. "ಮ್ಯಾಪ್ ತಪ್ಪು ಮಿಸ್" ಅಂದಳು. ನಾನು ಕೇಳಿದೆ, ದಾರಿಯಲ್ಲಿ ಎಲ್ಲಾದರೂ ನಿಲ್ತೀಯಾ? ಸಂಪಿಗೆ ರಸ್ತೆ ದಾಟೋಕೆ ನಿಲ್ಲಬೇಕು, ಗಾಡಿಗಳು ಬಿಡೋದೇ ಇಲ್ಲ. ಅಲ್ಲೇ ಹೋಯಿತು ಒಂದು ನಿಮಿಷ! ಆ ನಿಮಿಷ ಗಡಿಯಾರ ಓಡಿತು, ಕಾಲು ಓಡಲಿಲ್ಲ. ನಡೆದದ್ದು 14 ನಿಮಿಷ, 14 × 60 = 840. ಮ್ಯಾಪೂ ಸರಿ, ನಮ್ಮ ಹೆಜ್ಜೆಯೂ ಸರಿ. ಈಗ ತ್ರಿಕೋನದಲ್ಲಿ 840 ಮತ್ತು 15 ಹಾಕಿದರೆ ವೇಗ 56 ಬರುತ್ತೆ. ಅವಳು ಯಾವ ನಿಮಿಷದಲ್ಲೂ 56 ಮೀಟರ್ ವೇಗದಲ್ಲಿ ನಡೆದಿಲ್ಲ, ನಡೆದಾಗ 60, ನಿಂತಾಗ ಸೊನ್ನೆ. ತ್ರಿಕೋನಕ್ಕೆ ಅದೆಲ್ಲ ಕಾಣಲ್ಲ. ಒಟ್ಟು ದೂರ, ಒಟ್ಟು ಸಮಯ, ಅಷ್ಟೇ ಅದಕ್ಕೆ ಗೊತ್ತಿರೋದು, ಹಾಗಾಗಿ ಅದು ಕೊಡೋದು ಸರಾಸರಿ ವೇಗ. ಆಟೋದ ಸ್ಪೀಡೋಮೀಟರಲ್ಲಿ 40 ತೋರಿಸುತ್ತಿದ್ದರೂ 6 ಕಿ.ಮೀ. ಹೋಗೋಕೆ ಅರ್ಧ ಗಂಟೆ ಹಿಡಿದರೆ ಸರಾಸರಿ ಗಂಟೆಗೆ 12 ಕಿ.ಮೀ. ಮಾತ್ರ. ಇದನ್ನು ಬೆಂಗಳೂರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಮಕ್ಕಳು ಎಡವೋದು ತ್ರಿಕೋನದಲ್ಲಿ ಅಲ್ಲ, ನಿಮಿಷ ಮತ್ತು ಗಂಟೆಯಲ್ಲಿ. ಬೇಕಂತಲೇ ಒಂದು ಲೆಕ್ಕ ಕೊಡುತ್ತೇನೆ: ವೇಗ ಗಂಟೆಗೆ 3.6 ಕಿ.ಮೀ., ಸಮಯ 14 ನಿಮಿಷ, ದೂರ ಎಷ್ಟು? ಬೆರಳು ದೂರದ ಮೇಲೆ ಹೋಗುತ್ತೆ, 3.6 × 14, ಉತ್ತರ 50.4 ಕಿ.ಮೀ.! ಮಲ್ಲೇಶ್ವರದಿಂದ 50 ಕಿ.ಮೀ. ಅಂದರೆ ರಾಮನಗರದ ಹತ್ತಿರ ಆಯಿತಲ್ಲ, ದಿನಾ ಅಲ್ಲಿಗೆ ನಡ್ಕೊಂಡು ಹೋಗ್ತೀಯಾ ಅಂದರೆ ಕೋಣೆ ತುಂಬ ನಗು. ತ್ರಿಕೋನ ಸರಿಯಾಗೇ ಇದೆ, ಅದಕ್ಕೆ ಕೊಟ್ಟ ಸಮಯ ಗಂಟೆಯಲ್ಲಿ ಇಲ್ಲ. ವೇಗದಲ್ಲಿ ಗಂಟೆ ಇದ್ದರೆ ಸಮಯವೂ ಗಂಟೆಯಲ್ಲೇ ಇರಬೇಕು: 14 ನಿಮಿಷ ಅಂದರೆ ಗಂಟೆಯ 60ರಲ್ಲಿ 14 ಪಾಲು. 3.6 × 14 ÷ 60 = 0.84 ಕಿ.ಮೀ., ಅದೇ ನಮ್ಮ 840 ಮೀಟರ್.

ಇದರ ತಮ್ಮನಂಥ ಇನ್ನೊಂದು ತಪ್ಪಿದೆ, ಅದು ಇನ್ನೂ ಕಳ್ಳ. ಮೈಸೂರಿಗೆ 140 ಕಿ.ಮೀ., ಎರಡು ಗಂಟೆ 30 ನಿಮಿಷ ಆಯಿತು, ವೇಗ ಎಷ್ಟು ಅಂದರೆ 140 ÷ 2.30 ಅಂತ ಬರೆಯುತ್ತಾರೆ. ಉತ್ತರ 60.87 ಬರುತ್ತೆ, ನೋಡೋಕೆ ಚೆನ್ನಾಗೇ ಇರುತ್ತೆ, ರಾಮನಗರದ ಹಾಗೆ ಯಾರೂ ನಗಲ್ಲ. ಆದರೆ 30 ನಿಮಿಷ ಅರ್ಧ ಗಂಟೆ, ಅದು 2.5. ಸರಿ ಉತ್ತರ 56. ಇದಕ್ಕೆ ನಾನು ಹೇಳೋ ಉಪಾಯ ಒಂದೇ: ಗಂಟೆ, ನಿಮಿಷ ಎರಡೂ ಬಂದರೆ ಮೊದಲು ಎಲ್ಲವನ್ನೂ ನಿಮಿಷ ಮಾಡು. 150 ನಿಮಿಷ. ಆಮೇಲೆ 60ರಿಂದ ಭಾಗಿಸು. ಚುಕ್ಕಿ ತಾನಾಗೇ ಸರಿಯಾದ ಜಾಗಕ್ಕೆ ಬರುತ್ತೆ.

ವೇಗ ಮುಚ್ಚೋ ಲೆಕ್ಕ ಮಕ್ಕಳಿಗೆ ಇಷ್ಟ, ಯಾಕಂದರೆ ಅದರಲ್ಲಿ ಇನ್ನೂ ಸ್ವಲ್ಪ ಹೊತ್ತು ಮಲಗಿದರೆ ಎಷ್ಟು ಬೇಗ ನಡೀಬೇಕು ಅನ್ನೋದು ಇದೆ. ಬೆಲ್ ಹೊಡೆಯೋಕೆ ಹತ್ತೇ ನಿಮಿಷ ಇದೆ, 840 ಮೀಟರ್ ಹೋಗಬೇಕು. ನಿಮಿಷಕ್ಕೆ 84 ಮೀಟರ್ ಬೇಕು. ಅವಳ 54 ಸೆಂ.ಮೀ. ಹೆಜ್ಜೆಯಲ್ಲೇ ಆದರೆ ನಿಮಿಷಕ್ಕೆ 156 ಹೆಜ್ಜೆ, ಅದು ನಡಿಗೆಯಲ್ಲ, ಬ್ಯಾಗ್ ಬೆನ್ನ ಮೇಲೆ ಕುಣಿಸಿಕೊಂಡು ಓಟ.

ನನಗೆ ಎಲ್ಲಕ್ಕಿಂತ ಖುಷಿ ಕೊಡೋ ಲೆಕ್ಕ ಮಾತ್ರ ವಾಪಸ್ ಬರೋದು. ಬೆಳಿಗ್ಗೆ ರಸ್ತೆ ದಾಟೋಕೆ ಕಾಯಬೇಕಾಗಿ ಬರಲಿಲ್ಲ ಅಂತ ಇಟ್ಟುಕೊಳ್ಳಿ, 14 ನಿಮಿಷದಲ್ಲಿ ಸ್ಕೂಲು, ನಿಮಿಷಕ್ಕೆ 60 ಮೀಟರ್. ಸಂಜೆ ಗೆಳತಿಯರ ಜೊತೆ ಹರಟುತ್ತಾ, ಬೇಕರಿ ಮುಂದೆ ನಿಂತು, 28 ನಿಮಿಷ. ನಿಮಿಷಕ್ಕೆ 30 ಮೀಟರ್. ಹೋಗಿ ಬಂದದ್ದಕ್ಕೆ ಸರಾಸರಿ ವೇಗ ಎಷ್ಟು? ಎಲ್ಲರೂ ಒಟ್ಟಿಗೆ 45 ಅನ್ನುತ್ತಾರೆ. 60 ಮತ್ತು 30ರ ಮಧ್ಯ 45 ತಾನೆ, ಸಂಶಯವೇ ಇಲ್ಲ ಅವರಿಗೆ.

ತಪ್ಪು ಅಂತ ನಾನು ಹೇಳಲ್ಲ. ಆ 45 ಅನ್ನು ತ್ರಿಕೋನದೊಳಗೆ ವಾಪಸ್ ಹಾಕು, ದೂರ ಎಷ್ಟು ಬರುತ್ತೆ ನೋಡು ಅನ್ನುತ್ತೇನೆ. ಒಟ್ಟು ಸಮಯ 42 ನಿಮಿಷ. 45 × 42 = 1,890 ಮೀಟರ್. ಆದರೆ ದಾರಿ 840 ಮತ್ತು 840, ಒಟ್ಟು 1,680. ಇಲ್ಲದ 210 ಮೀಟರ್ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ಹೊತ್ತು ಬಿಟ್ಟುಬಿಡಬೇಕು, ಬಾಯಿ ಹಾಕಬಾರದು. ಯಾರಾದರೊಬ್ಬರು ಹಿಡಿದೇ ಹಿಡಿಯುತ್ತಾರೆ: "ಮಿಸ್, ನಿಧಾನ ನಡೆದದ್ದು ಜಾಸ್ತಿ ಹೊತ್ತು." ಅದೇ. 60ರಲ್ಲಿ ನಡೆದದ್ದು 14 ನಿಮಿಷ, 30ರಲ್ಲಿ ನಡೆದದ್ದು ಅದರ ಎರಡರಷ್ಟು, ಹಾಗಾಗಿ ಸರಾಸರಿ 30ರ ಕಡೆಗೆ ವಾಲುತ್ತೆ. 1,680 ÷ 42 = 40. ಎರಡು ವೇಗ ಕೂಡಿ ಎರಡರಿಂದ ಭಾಗಿಸೋದು ಸರಿಯಾಗೋದು ಎರಡೂ ಸಮಯ ಒಂದೇ ಇದ್ದಾಗ ಮಾತ್ರ. ದೂರ ಒಂದೇ ಇದ್ದರೆ ಸಾಲದು.

ಇದು ಕೈಗೆ ಹತ್ತಿದವರಿಗೆ ಇನ್ನೊಂದು ಕೊಡುತ್ತೇನೆ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ನಿಮಿಷಕ್ಕೆ 30 ಮೀಟರ್‌ನಂತೆ ಹೋದೆ. ಹೋಗಿ ಬಂದ ಒಟ್ಟು ಸರಾಸರಿ 60 ಆಗಬೇಕು, ಸಂಜೆ ಎಷ್ಟು ವೇಗ ಬೇಕು? 90 ಅಂತ ಕೂಗು ಬರುತ್ತೆ. ಆ ಹುಡುಗಿ ಮಾತ್ರ ಪೆನ್ಸಿಲ್ ಹಿಡಿದು ಕೂತಳು. 1,680 ಮೀಟರಿಗೆ ನಿಮಿಷಕ್ಕೆ 60 ಅಂದರೆ ಒಟ್ಟು ಸಮಯ 28 ನಿಮಿಷ. ಬೆಳಿಗ್ಗೆ 840 ಮೀಟರಿಗೆ 30ರಂತೆ ಹಿಡಿದದ್ದೂ 28 ನಿಮಿಷ. 28ರಲ್ಲಿ 28 ಕಳೆದು ಸೊನ್ನೆ ಬರೆದಳು, ಅಳಿಸಿ ಇನ್ನೊಂದು ಸಲ ಮಾಡಿದಳು, ಮತ್ತೆ ಸೊನ್ನೆ. "ಮಿಸ್, ಸಂಜೆಗೆ ಟೈಮೇ ಉಳಿದಿಲ್ಲ. ಹೆಲಿಕಾಪ್ಟರ್ ತಂದ್ರೂ ಆಗಲ್ಲ."