ಧರ್ಮ ಮತ್ತು ವಿಜ್ಞಾನ: ಮೂರು ಮಾದರಿಗಳ ಉತ್ತರವನ್ನು ನಾನು ಗೆಲಿಲಿಯೋ ಒಬ್ಬನ ಮೇಲೆ ಕಟ್ಟುವ ಬಗೆ

ಧರ್ಮ ಮತ್ತು ವಿಜ್ಞಾನದ ಸಂಬಂಧವನ್ನು ಸಂಘರ್ಷ, ಸ್ವತಂತ್ರ, ಸಂವಾದ ಎಂಬ ಮೂರು ಮಾದರಿಗಳಲ್ಲಿ ಚರ್ಚಿಸಲು ಹೇಳುವ ಪರೀಕ್ಷೆಯ ಪ್ರಶ್ನೆಗೆ ನಾನು ಮಾದರಿಗೊಂದು ಉದಾಹರಣೆ ಕೊಡುವುದಿಲ್ಲ. ಸಂಘರ್ಷಕ್ಕೆ ಗೆಲಿಲಿಯೋ, ಸ್ವತಂತ್ರ ಮಾದರಿಗೆ ಜೀವವಿಜ್ಞಾನಿ ಗೌಲ್ಡ್, ಸಂವಾದಕ್ಕೆ ಇನ್ನೊಬ್ಬರು ಎಂದು ಹಂಚಿಬಿಟ್ಟರೆ ಪ್ರತಿ ಮಾದರಿಗೂ ಅದಕ್ಕೆ ಅನುಕೂಲವಾದ ಉದಾಹರಣೆಯೇ ಸಿಕ್ಕಿದಂತಾಗುತ್ತದೆ. ಯಾವುದೂ ಪರೀಕ್ಷೆಗೆ ಒಳಗಾಗುವುದಿಲ್ಲ. ಪ್ರಶ್ನೆಯಲ್ಲಿ ‘ವಿಮರ್ಶಿಸಿ’ ಎಂದಿದ್ದರೆ ಅಂಕ ಹೋಗುವುದು ಇಲ್ಲೇ. ಹಾಗಾಗಿ ಒಂದೇ ಪ್ರಕರಣವನ್ನು ಮೂರೂ ಮಾದರಿಗಳಿಂದ ನೋಡಿ, ಯಾವುದು ಎಷ್ಟನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂದು ಬರೆಯುತ್ತೇನೆ.

ಪೀಠಿಕೆಗೆ ಮೂರು ವಾಕ್ಯ ಸಾಕು. ಧರ್ಮ-ವಿಜ್ಞಾನ ಸಂಬಂಧದ ವಿದ್ವಾಂಸ ಇಯಾನ್ ಬಾರ್ಬರ್‌ನ ವರ್ಗೀಕರಣದಲ್ಲಿ ಸಂಘರ್ಷ, ಸ್ವಾತಂತ್ರ್ಯ, ಸಂವಾದ, ಸಮನ್ವಯ ಎಂಬ ನಾಲ್ಕು ಬಗೆಗಳಿವೆ. ಪ್ರಶ್ನೆ ಕೇಳಿರುವುದು ಮೊದಲ ಮೂರನ್ನು. ಇವು ಒಂದರ ನಂತರ ಒಂದು ಬಂದ ಕಾಲಘಟ್ಟಗಳಲ್ಲ, ಒಂದೇ ಕಾಲದಲ್ಲಿ ಬೇರೆ ಬೇರೆಯವರು ತಳೆಯುವ ನಿಲುವುಗಳು. ಈ ಕೊನೆಯ ವಾಕ್ಯವನ್ನು ಬಿಡಬಾರದು. ಬಿಟ್ಟರೆ ‘ಮೊದಲು ಜಗಳವಿತ್ತು, ಈಗ ಮಾತುಕತೆ ನಡೆಯುತ್ತಿದೆ’ ಎಂಬ ಕಥೆಯತ್ತ ಉತ್ತರ ತಾನಾಗಿಯೇ ಜಾರುತ್ತದೆ.

ಸಂಘರ್ಷ ಮಾದರಿಗೆ ಅದನ್ನು ಪುಸ್ತಕಗಳಲ್ಲಿ ಮಂಡಿಸಿದ ಡ್ರೇಪರ್ (1874) ಮತ್ತು ವೈಟ್ (1896) ಹೆಸರುಗಳು ಸಾಕು. ಮುಖ್ಯ ಅಂಶ ಬೇರೆ ಇದೆ. ಧರ್ಮಗ್ರಂಥದ ಅಕ್ಷರಾರ್ಥವನ್ನು ಹಿಡಿದವರನ್ನೂ, ವಿಜ್ಞಾನವೊಂದೇ ಜ್ಞಾನ ಎನ್ನುವ ಭೌತವಾದಿಗಳನ್ನೂ ಬಾರ್ಬರ್ ಇದೇ ಗುಂಪಿಗೆ ಸೇರಿಸುತ್ತಾನೆ. ಧರ್ಮ, ವಿಜ್ಞಾನ ಎರಡೂ ಒಂದೇ ಸಂಗತಿಯ ಬಗ್ಗೆ ಪೈಪೋಟಿಯ ಹೇಳಿಕೆ ಕೊಡುತ್ತವೆ, ಒಂದು ನಿಜವಾದರೆ ಇನ್ನೊಂದು ಸುಳ್ಳು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಇನ್ನು ಪ್ರಕರಣ. 1616ರಲ್ಲಿ, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಕೊಪರ್ನಿಕಸ್‌ನ ಗ್ರಂಥಕ್ಕೆ ರೋಮ್‌ನ ಚರ್ಚ್ ತಡೆ ಹಾಕಿತು. 1633ರಲ್ಲಿ ಅದೇ ವಾದದ ಪರ ನಿಂತದ್ದಕ್ಕೆ ಗೆಲಿಲಿಯೋಗೆ ಶಿಕ್ಷೆಯಾಯಿತು, ಸಾಯುವವರೆಗೂ ಗೃಹಬಂಧನ. ಇಷ್ಟನ್ನು ಸಂಘರ್ಷ ಮಾದರಿ ಚೆನ್ನಾಗಿ ವಿವರಿಸುತ್ತದೆ. ಆದರೆ ಆಗ ಖಗೋಳಜ್ಞರಲ್ಲೇ ಒಮ್ಮತವಿರಲಿಲ್ಲ. ಚಂದ್ರನಂತೆ ಹೆಚ್ಚಿ ಕುಗ್ಗುವ ಶುಕ್ರನ ಕಲೆಗಳು, ಭೂಮಿಯೇ ಕೇಂದ್ರವೆಂಬ ಟಾಲೆಮಿಯ ವ್ಯವಸ್ಥೆಯನ್ನು ಕೆಡವಿದವು ನಿಜ, ಆದರೆ ಭೂಮಿಯನ್ನು ನಿಶ್ಚಲವಾಗಿಟ್ಟ ಟೈಕೋ ಬ್ರಾಹೆಯ ವ್ಯವಸ್ಥೆಗೂ ಅವು ಹೊಂದುತ್ತಿದ್ದವು. ಭೂಮಿ ಸೂರ್ಯನನ್ನು ಸುತ್ತುವುದಾದರೆ ಕಾಣಬೇಕಿದ್ದ ನಕ್ಷತ್ರಗಳ ಸ್ಥಾನಪಲ್ಲಟವನ್ನು ಬೆಸೆಲ್ ಅಳೆದದ್ದು 1838ರಲ್ಲಿ. ಭೂಚಲನೆಗೆ ಸಾಕ್ಷಿಯೆಂದು ಗೆಲಿಲಿಯೋ ಕೊಟ್ಟ ಉಬ್ಬರವಿಳಿತದ ವಾದವೇ ತಪ್ಪಾಗಿತ್ತು. ಅಂದರೆ ಧರ್ಮ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂಬ ಚಿತ್ರ ಇಲ್ಲಿ ಪೂರ್ತಿ ಕೂರುವುದಿಲ್ಲ. ಇದು ಶಿಕ್ಷೆಯ ಸಮರ್ಥನೆಯಲ್ಲ ಎಂದು ಒಂದು ಸಾಲು ಸೇರಿಸುತ್ತೇನೆ. ಇಲ್ಲದಿದ್ದರೆ ಓದುವವರು ಹಾಗೆಯೇ ತಿಳಿಯುತ್ತಾರೆ.

ಸ್ವತಂತ್ರ ಮಾದರಿಯನ್ನು ಸ್ಟೀಫನ್ ಜೇ ಗೌಲ್ಡ್ 1997ರಲ್ಲಿ ಸ್ಪಷ್ಟವಾಗಿ ಮಂಡಿಸಿದ: ಸಂಗತಿಗಳು ವಿಜ್ಞಾನಕ್ಕೆ, ಅರ್ಥ ಮತ್ತು ಮೌಲ್ಯ ಧರ್ಮಕ್ಕೆ, ಒಂದರ ಎಲ್ಲೆಯನ್ನು ಇನ್ನೊಂದು ದಾಟುವಂತಿಲ್ಲ. 1615ರಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ಟೀನಾಗೆ ಬರೆದ ಪತ್ರದಲ್ಲಿ ಗೆಲಿಲಿಯೋ ಇದಕ್ಕೆ ಹತ್ತಿರದ ಮಾತನ್ನೇ ಆಡಿದ್ದ. ಧರ್ಮಗ್ರಂಥ ಕಲಿಸುವುದು ಸ್ವರ್ಗಕ್ಕೆ ಹೋಗುವ ದಾರಿಯನ್ನು, ಆಕಾಶ ಚಲಿಸುವ ರೀತಿಯನ್ನಲ್ಲ ಎಂಬ ಹಿರಿಯ ಧರ್ಮಾಧಿಕಾರಿಯೊಬ್ಬರ ಮಾತನ್ನು ಅವನು ಅಲ್ಲಿ ಉದ್ಧರಿಸುತ್ತಾನೆ. ಈ ಮಾದರಿಯ ಮಿತಿ ತೋರಿಸಲು ಬೈಬಲ್‌ನಲ್ಲಿ ಯೆಹೋಶುವನ ಮಾತಿಗೆ ಸೂರ್ಯ ನಿಂತ ಕಥೆ ಸಾಕು. ‘ಸೂರ್ಯ ನಿಂತ’ ಎಂಬುದು ಸಂಗತಿಯ ಬಗೆಗಿನ ಹೇಳಿಕೆ. ಎಲ್ಲೆ ಗೆರೆ ಎಳೆಯಬೇಕಾದರೆ ಅದು ಸಂಗತಿಯಲ್ಲ ಎಂದು ಭಕ್ತ ಮೊದಲೇ ಒಪ್ಪಬೇಕು. ಅಲ್ಲಿಗೆ ತಟಸ್ಥ ಎನ್ನಿಸಿಕೊಂಡ ಮಾದರಿ ಧರ್ಮ ಹೇಗಿರಬೇಕೆಂದು ತಾನೇ ಹೇಳಿದಂತಾಯಿತು.

ಸಂವಾದವನ್ನು ‘ಇಬ್ಬರೂ ಕೂಡಿ ಬಾಳಬೇಕು’ ಎಂದು ಬರೆದರೆ ಅದು ಹಾರೈಕೆಯಾಗುತ್ತದೆ. ಎರಡೂ ಮುಟ್ಟುವ ಒಂದು ಗಟ್ಟಿ ಬಿಂದುವನ್ನು ತೋರಿಸಬೇಕು. ಅದೇ 1615ರಲ್ಲಿ ಕಾರ್ಡಿನಲ್ ಬೆಲ್ಲರ್ಮಿನ್, ಕೊಪರ್ನಿಕಸ್‌ನ ಪರ ಬರೆದಿದ್ದ ಪಾದ್ರಿ ಫೊಸ್ಕರಿನಿಗೆ ಬರೆದ ಪತ್ರದಲ್ಲಿ ಅದು ಸಿಗುತ್ತದೆ: ಭೂಚಲನೆಗೆ ನಿಜವಾದ ಪುರಾವೆ ಬಂದರೆ ಗ್ರಂಥದ ವಾಕ್ಯಗಳನ್ನು ಬಹಳ ಎಚ್ಚರದಿಂದ ವ್ಯಾಖ್ಯಾನಿಸಬೇಕಾಗುತ್ತದೆ, ಆದರೆ ಅಂಥ ಪುರಾವೆ ಇದೆಯೆಂದು ತಾನು ನಂಬುವುದಿಲ್ಲ. ಪುರಾವೆ ಸಿಕ್ಕರೆ ವ್ಯಾಖ್ಯಾನ ಬದಲಾಗಬೇಕು ಎಂಬ ನಿಯಮ ಗೆಲಿಲಿಯೋ, ಬೆಲ್ಲರ್ಮಿನ್ ಇಬ್ಬರಿಗೂ ಸಮ್ಮತ. ಜಗಳವಿದ್ದದ್ದು ಪುರಾವೆ ಸಾಕೇ, ಅದನ್ನು ತೀರ್ಮಾನಿಸುವವರು ಯಾರು ಎಂಬುದರಲ್ಲಿ. ಈ ಎರಡನೆಯ ಪ್ರಶ್ನೆಯಲ್ಲೇ ಸಂವಾದ ಮಾದರಿಯ ಮಿತಿಯೂ ಇದೆ: ಒಬ್ಬರ ಕೈಯಲ್ಲಿ ಶಿಕ್ಷಿಸುವ ಅಧಿಕಾರವಿರುವಾಗ ಮಾತುಕತೆ ಸಮಾನರ ನಡುವಿನದಾಗುವುದಿಲ್ಲ.

ತೀರ್ಪಿಗೆ ನಾಲ್ಕೈದು ಸಾಲು ಇಡುತ್ತೇನೆ. ಇಲ್ಲಿ ವಾದದ ಮಟ್ಟದಲ್ಲಿ ಸಂವಾದ ಮಾದರಿ, ಅಧಿಕಾರದ ಮಟ್ಟದಲ್ಲಿ ಸಂಘರ್ಷ ಮಾದರಿ ಹೆಚ್ಚು ವಿವರಿಸುತ್ತವೆ ಎಂಬುದು ನನ್ನ ನಿಲುವು. ಬೇರೆ ನಿಲುವೂ ನಡೆಯುತ್ತದೆ, ಆದರೆ ‘ಮೂರರಲ್ಲೂ ಸತ್ಯವಿದೆ’ ಎಂದು ಕೈತೊಳೆದುಕೊಂಡರೆ ವಿಮರ್ಶೆ ಇಲ್ಲವೆಂದೇ ಲೆಕ್ಕ.

ಸಮಯ ಉಳಿದರೆ ಮಾತ್ರ ಲೆಮೈತ್ರ್‌ನನ್ನು ಎರಡು ವಾಕ್ಯದಲ್ಲಿ ತರುತ್ತೇನೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಮಂಡಿಸಿದ ಈ ಪಾದ್ರಿ, 1951ರಲ್ಲಿ ಪೋಪ್ 12ನೆಯ ಪಯಸ್ ಹೊಸ ವಿಶ್ವವಿಜ್ಞಾನವನ್ನು ಸೃಷ್ಟಿವಾದಕ್ಕೆ ಬೆಂಬಲವೆಂಬಂತೆ ಮಾತಾಡಿದಾಗ ಮೆಚ್ಚಲಿಲ್ಲ. ಪಾದ್ರಿಯೂ ವಿಜ್ಞಾನಿಯೂ ಆದವನು ಸಂವಾದದ ಕಡೆಯೇ ಇರಬೇಕೆಂದಿಲ್ಲ, ಸ್ವತಂತ್ರ ಮಾದರಿಯನ್ನೇ ಆರಿಸಿಕೊಳ್ಳಬಹುದು ಎಂಬುದಕ್ಕೆ ಇಷ್ಟು ಸಾಕು.