ಹೊಲದಲ್ಲಿ ಮನೆ ಕಟ್ಟಬೇಕೇ? ಅರ್ಜಿಗೆ ಮೊದಲು ಪಹಣಿ ಸರಿ ಮಾಡಿಕೊಳ್ಳಿ

ಕೃಷಿ ಜಮೀನನ್ನು ಮನೆಯಂಥ ಬೇರೆ ಬಳಕೆಗೆ ಬದಲಿಸುವ ಭೂ ಪರಿವರ್ತನೆ, ಹಳ್ಳಿಯ ಮಾತಿನಲ್ಲಿ ಅಲಿನೇಷನ್, ಎಂದ ಕೂಡಲೇ ಜನ ಸೈಬರ್ ಅಂಗಡಿಗೆ ಓಡುತ್ತಾರೆ. ಅರ್ಜಿ ಹಾಕುವುದು ಅರ್ಧ ಗಂಟೆಯ ಕೆಲಸ. ಆದರೆ ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಪಹಣಿ, ಮ್ಯುಟೇಷನ್ ಮತ್ತು ಸರ್ವೆ ನಕ್ಷೆ ಮೂರೂ ಒಂದೇ ಮಾತು ಹೇಳದೇ ಇದ್ದಾಗ. ಅದಕ್ಕೇ ಈ ಲೇಖನದಲ್ಲಿ ಆ ಭಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುತ್ತಿರುವುದು ಕರ್ನಾಟಕದಲ್ಲಿ, ಪಟ್ಟಣದ ಮಾಸ್ಟರ್ ಪ್ಲಾನ್ ಗಡಿಯ ಹೊರಗಿರುವ ಹಳ್ಳಿಯ ಜಮೀನಿನ ಬಗ್ಗೆ. ಮಾಸ್ಟರ್ ಪ್ಲಾನ್ ಒಳಗಿದ್ದರೆ ದಾರಿ ಬೇರೆ. ಮೊದಲು ಯೋಜನಾ ಪ್ರಾಧಿಕಾರಕ್ಕೆ ಹೋಗಿ ನಿಮ್ಮ ಸರ್ವೆ ನಂಬರ್ ವಸತಿ ವಲಯದಲ್ಲಿದೆಯೇ, ಹಸಿರು ವಲಯದಲ್ಲಿದೆಯೇ ಎಂದು ಕೇಳಿಕೊಳ್ಳಿ.

ಮೊದಲ ಹೆಜ್ಜೆ: ಪರಿವರ್ತನೆ ಬೇಕೇ ಬೇಕಾ?

ಉಳುಮೆ ಮಾಡಿಕೊಂಡೇ ಹೊಲದಲ್ಲಿ ತೋಟದ ಮನೆ ಕಟ್ಟಿಕೊಳ್ಳುವವರಿಗೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ವಿನಾಯಿತಿ ಕೊಡುತ್ತದೆ. ಕಟ್ಟಡ ಹಿಡುವಳಿಯ ಶೇ 10ನ್ನು ಮೀರಬಾರದು, ಅದಕ್ಕೊಂದು ಗರಿಷ್ಠ ಮಿತಿಯೂ ಇದೆ. ಆದರೆ ಮನೆ ಮಾರುವ, ಬಾಡಿಗೆಗೆ ಕೊಡುವ ಅಥವಾ ಸೈಟ್ ಮಾಡುವ ಯೋಚನೆ ಇದ್ದರೆ ಪರಿವರ್ತನೆ ಮಾಡಿಸಿಯೇ ಮುಂದೆ ಹೋಗಿ. ಪರಿವರ್ತನೆ ಇಲ್ಲದೆ ಗುಂಟೆ ಲೆಕ್ಕದಲ್ಲಿ ಮಾರುವ ‘ರೆವಿನ್ಯೂ ಸೈಟ್’ಗಳ ಹತ್ತಿರ ಸುಳಿಯಲೇಬೇಡಿ.

ಎರಡನೇ ಹೆಜ್ಜೆ: ಪಹಣಿಯನ್ನು ಸಾಲು ಸಾಲಾಗಿ ಓದುವುದು

ಹೊಸ ಪಹಣಿ ತೆಗೆಯಿರಿ. ಹಳೇ ಜೆರಾಕ್ಸ್ ಬೇಡ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 2 ಎಕರೆ 12 ಗುಂಟೆ. ಅದರಲ್ಲಿ 2 ಗುಂಟೆ ‘ಬ’ ಖರಾಬು. ಉಳಿದದ್ದು 2 ಎಕರೆ 10 ಗುಂಟೆ, ಅಂದರೆ 90 ಗುಂಟೆ. ಮಾಲೀಕರ ಕಲಂ ಆದ 9ರಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ. ದೊಡ್ಡವನಿಗೆ ರಸ್ತೆ ಪಕ್ಕದ 10 ಗುಂಟೆಯಲ್ಲಿ ಮನೆ ಕಟ್ಟಬೇಕು. ಅದು 10,890 ಚದರ ಅಡಿ.

ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ಖರಾಬು. ‘ಅ’ ಖರಾಬು ಎಂದರೆ ಉಳುಮೆಗೆ ಬಾರದ ನೆಲ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದು ನಿಮ್ಮ ಬೇಲಿಯೊಳಗೇ ಇದ್ದರೂ ಪರಿವರ್ತನೆಗೆ ಸೇರಿಸುವಂತಿಲ್ಲ. ನಮ್ಮ ಉದಾಹರಣೆಯ ಆ 2 ಗುಂಟೆ ಹಳ್ಳ ರಸ್ತೆ ಪಕ್ಕದಲ್ಲೇ ಹರಿದಿದ್ದರೆ, ಮನೆಯ ಜಾಗವನ್ನು ಅದು ಬಿಟ್ಟು ಗುರುತಿಸಬೇಕು. ಇದರ ಜೊತೆಗೆ ವಿಸ್ತೀರ್ಣ ಬರೆದಿರುವ ಸರ್ವೆ ಇಲಾಖೆಯ ದಾಖಲೆಯಾದ ಆಕಾರ್‌ಬಂದ್ ಪ್ರತಿ ತೆಗೆದು ಪಹಣಿಯ ಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ 2-12, ಇನ್ನೊಂದರಲ್ಲಿ 2-10 ಇದ್ದರೆ ಭೂಮಾಪಕರು ನಕ್ಷೆ ಮುಗಿಸಲು ಆಗುವುದಿಲ್ಲ. ಮೊದಲು ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅರ್ಜಿ ಹಾಕಿ. ಎಷ್ಟೋ ಜನ ಇದನ್ನು ನೋಡದೇ ಮುಂದೆ ಹೋಗಿ ಸುಮ್ನೆ ತಿಂಗಳುಗಟ್ಟಲೆ ಅಲೆಯುತ್ತಾರೆ.

ಎರಡು, ಜಂಟಿ ಹೆಸರು. ಒಬ್ಬನೇ ಹೋಗಿ ‘ನನ್ನ ಪಾಲು’ ಎಂದು ಅರ್ಜಿ ಹಾಕಿದರೆ ನಡೆಯುವುದಿಲ್ಲ. ನೆಲದ ಮೇಲೆ ಯಾವ ಭಾಗ ಯಾರದು ಎಂದು ದಾಖಲೆಯಲ್ಲಿ ಇಲ್ಲವಲ್ಲ! ಮೂವರೂ ಸೇರಿ ಅರ್ಜಿ ಹಾಕಬಹುದು. ನನ್ನ ಸಲಹೆ ಅದಲ್ಲ. ಮೊದಲು ಪಾಲುಗಳನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಿ. ಅದರ ಮೇಲೆ ವಿಭಾಗ ಪತ್ರ ನೋಂದಣಿ ಮಾಡಿಸಿ. ಮ್ಯುಟೇಷನ್ ಆಗಿ ತಲಾ 30 ಗುಂಟೆಯ ಪ್ರತ್ಯೇಕ ಪಹಣಿ ಬರಲಿ. ಆಮೇಲೆ ದೊಡ್ಡವನು ತನ್ನ 30ರಲ್ಲಿ 10ಕ್ಕೆ ಮಾತ್ರ ಅರ್ಜಿ ಹಾಕಲಿ. ಸಮಯ ಜಾಸ್ತಿ ಹಿಡಿಯುತ್ತದೆ ನಿಜ. ಆದರೆ ನಾಳೆ ತಮ್ಮಂದಿರ ಮಕ್ಕಳು ತಕರಾರು ತೆಗೆಯಲು ಜಾಗ ಇರುವುದಿಲ್ಲ. ತೀರಿಕೊಂಡ ಅಪ್ಪನ ಹೆಸರೇ ಇನ್ನೂ ಪಹಣಿಯಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಪೌತಿ ಖಾತೆ ಮಾಡಿಸಿ. ಅದಕ್ಕೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು.

ಮೂರು, 11ನೇ ಕಲಂ. ಬ್ಯಾಂಕಿನ ಬೆಳೆ ಸಾಲ, ಅಡಮಾನ, ಕೋರ್ಟ್ ತಡೆ ಎಲ್ಲ ಅಲ್ಲೇ ಕಾಣುತ್ತದೆ. ಸಾಲ ತೀರಿಸಿದರೆ ಸಾಕಾಗಲ್ಲ. ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ಪಹಣಿಯಿಂದ ಆ ನಮೂದು ತೆಗೆಸಬೇಕು. ಜಮೀನು ಸರ್ಕಾರದ ಮಂಜೂರಾತಿಯಿಂದ ಬಂದಿದ್ದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಅನುಮತಿ ಇಲ್ಲದೆ ಕೊಂಡಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಖರೀದಿಯೇ ನಿಲ್ಲುವುದಿಲ್ಲ. ಪರಿವರ್ತನೆ ಮಾತು ದೂರ.

ಮೂರನೇ ಹೆಜ್ಜೆ: ಸರ್ವೆ ನಕ್ಷೆ

ಸರ್ವೆ ನಂಬರಿನ ಒಂದು ಭಾಗಕ್ಕೆ ಮಾತ್ರ ಪರಿವರ್ತನೆ ಬೇಕಿದ್ದರೆ ನಕ್ಷೆ ಬೇಕೇ ಬೇಕು. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಭೂಮಾಪಕರು ಬರುವ ಹಿಂದಿನ ದಿನವೇ ಬದುವಿನ ಮೇಲಿನ ಮುಳ್ಳು ಪೊದೆ ಕಡಿಸಿ, ಬಾಂದು ಕಲ್ಲುಗಳು ಕಾಣುವಂತೆ ಮಾಡಿ. ಅಕ್ಕಪಕ್ಕದ ಹೊಲದವರಿಗೆ ನೀವೇ ಹೋಗಿ ಹೇಳಿ, ಬರಲು ಕರೆಯಿರಿ. ಅಳತೆ ಮುಗಿಯುವವರೆಗೆ ಅಲ್ಲೇ ಇರಿ. ಮನೆಯ ಜಾಗಕ್ಕೆ ಸಾರ್ವಜನಿಕ ರಸ್ತೆಯಿಂದ ದಾರಿ ಇದೆಯಾ ಎಂದು ಕರಡು ನಕ್ಷೆಯಲ್ಲೇ ನೋಡಿ. ಹೊಲದ ಹಿಂಭಾಗದ 10 ಗುಂಟೆ ಗುರುತಿಸಿ, ದಾರಿಯ ಪಟ್ಟಿಯನ್ನು ಸೇರಿಸಲು ಮರೆತರೆ ದಾರಿ ಕೃಷಿ ಜಮೀನಾಗಿಯೇ ಉಳಿಯುತ್ತದೆ. ಮುಂದೆ ನಕ್ಷೆ ಅನುಮೋದನೆ ಕೇಳುವಾಗ ಅದೇ ಪ್ರಶ್ನೆ ಎದ್ದು ನಿಲ್ಲುತ್ತದೆ.

ನಾಲ್ಕನೇ ಹೆಜ್ಜೆ: ಅರ್ಜಿ

ಅರ್ಜಿ ಜಿಲ್ಲಾಧಿಕಾರಿಗೆ ಹೋಗುತ್ತದೆ. landrecords.karnataka.gov.in ಮೂಲಕ ನಾಗರಿಕ ಪೋರ್ಟಲ್‌ನಲ್ಲಿ ಲಾಗಿನ್ ಮಾಡಿಕೊಳ್ಳಿ. ನಿಮ್ಮ ಸ್ವಂತ ಮೊಬೈಲ್ ನಂಬರನ್ನೇ ಕೊಡಿ. ಏಜೆಂಟ್ ತನ್ನ ನಂಬರ್ ಹಾಕಿದರೆ ಇಲಾಖೆಯ ಸಂದೇಶ, ಒಟಿಪಿ ಎಲ್ಲ ಅವನ ಕೈಗೆ ಹೋಗುತ್ತದೆ. ಆಕ್ಷೇಪಣೆ ಬಂದರೂ ನಿಮಗೆ ಗೊತ್ತಾಗುವುದಿಲ್ಲ.

ಜೊತೆಗೆ ಇಟ್ಟುಕೊಳ್ಳಬೇಕಾದ ದಾಖಲೆಗಳು:

- ಚಾಲ್ತಿ ಪಹಣಿ
- ಜಮೀನು ನಿಮ್ಮ ಹೆಸರಿಗೆ ಹೇಗೆ ಬಂತು ಎಂದು ತೋರಿಸುವ ಮ್ಯುಟೇಷನ್ ಪ್ರತಿ, ಅದರ ಆಧಾರದ ಕ್ರಯಪತ್ರ ಅಥವಾ ವಿಭಾಗ ಪತ್ರ
- ಸರ್ವೆ ನಕ್ಷೆ
- ಇ-ಸ್ಟಾಂಪ್ ಕಾಗದದ ಮೇಲೆ, ನೋಟರಿ ಸಹಿ ಇರುವ ಪ್ರಮಾಣಪತ್ರ, ಅಂದರೆ ಅಫಿಡವಿಟ್
- ಆಧಾರ್
- ಮಂಜೂರಾದ ಜಮೀನಾದರೆ ಮಂಜೂರಾತಿ ಆದೇಶ
- ಪೋರ್ಟಲ್ ಕೇಳಲಿ ಬಿಡಲಿ, ಋಣಭಾರ ಪ್ರಮಾಣಪತ್ರ ಮತ್ತು ಆಕಾರ್‌ಬಂದ್ ಪ್ರತಿ

ಅಫಿಡವಿಟ್ ಬಗ್ಗೆ ಒಂದು ಮಾತು. ಟೈಪಿಂಗ್ ಅಂಗಡಿಯ ರೆಡಿಮೇಡ್ ನಮೂನೆ ಬೇಡ. ಪೋರ್ಟಲ್‌ನಲ್ಲಿರುವ ನಮೂನೆಯನ್ನೇ ಬಳಸಿ, ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ. ಈಗಿನ ಪದ್ಧತಿ ನಿಂತಿರುವುದೇ ನಿಮ್ಮ ಪ್ರಮಾಣದ ಮೇಲೆ. ಅದರಲ್ಲಿ ಬರೆದದ್ದು ಸುಳ್ಳು ಎಂದು ಆಮೇಲೆ ಗೊತ್ತಾದರೆ ಆದೇಶವೇ ರದ್ದಾಗಬಹುದು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಷಿಯಲ್ ಇದ್ದರೆ ಅರ್ಜಿಗೆ ಮೊದಲೇ ಸರಿ ಮಾಡಿಸಿಕೊಳ್ಳಿ.

ಐದನೇ ಹೆಜ್ಜೆ: ಶುಲ್ಕ ಮತ್ತು ಆದೇಶ

ತಹಶೀಲ್ದಾರ್ ಮತ್ತು ಸಂಬಂಧಪಟ್ಟ ಇಲಾಖೆಗಳ ಅಭಿಪ್ರಾಯ ಬಂದು ಒಪ್ಪಿಗೆಯಾದರೆ ಶುಲ್ಕದ ಸೂಚನೆ ಬರುತ್ತದೆ. ಆನ್‌ಲೈನ್‌ನಲ್ಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಆದೇಶ ಬಂದ ದಿನ ಸರ್ವೆ ನಂಬರ್, ವಿಸ್ತೀರ್ಣ, ‘ವಸತಿ’ ಎಂಬ ಉದ್ದೇಶ ಮೂರನ್ನೂ ನಕ್ಷೆ ಜೊತೆ ತಾಳೆ ನೋಡಿ. ಸ್ವಲ್ಪ ದಿನ ಬಿಟ್ಟು ಹೊಸ ಪಹಣಿ ತೆಗೆದು ಆ 10 ಗುಂಟೆಯ ಪರಿವರ್ತನೆ ನಮೂದಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಆದೇಶದ ಪ್ರತಿ ಹಿಡಿದು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಹೋಗಿ. ಅದಾದ ಮೇಲೆ ಸಂಬಂಧಪಟ್ಟ ಪ್ರಾಧಿಕಾರದಿಂದ ನಕ್ಷೆ ಅನುಮೋದನೆ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ಖಾತೆ, ಕಟ್ಟಡ ಪರವಾನಗಿ. ಪರವಾನಗಿ ಕೈಗೆ ಸಿಗುವ ಮೊದಲು ಪಾಯ ತೋಡಿಸಬೇಡಿ.