ಜಠರ ತಿರುಚಿಕೊಂಡ ನಾಯಿ: ಮೊದಲು ಡ್ರಿಪ್, ಆಮೇಲೆ ಎಕ್ಸ್‌ರೇ

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳ ಎದೆಗೂಡಿನ ನಾಯಿ ಮೇಲಿಂದ ಮೇಲೆ ಓಕರಿಸುತ್ತಿದೆ, ಜೊಲ್ಲು ಬಿಟ್ಟರೆ ಏನೂ ಹೊರಬರುತ್ತಿಲ್ಲ, ಪಕ್ಕೆಲುಬಿನ ಹಿಂದೆ ಹೊಟ್ಟೆ ಉಬ್ಬಿದೆ. ಜಠರ ತಿರುಚಿದೆ ಎಂಬ ಅನುಮಾನಕ್ಕೆ ಇಷ್ಟು ಸಾಕು. ಹೊಸ ವೈದ್ಯರು ಎಡವುವುದು ಇಲ್ಲಿಯೇ: ನಾಯಿಯನ್ನು ನೇರವಾಗಿ ಎಕ್ಸ್‌ರೇ ಮೇಜಿಗೆ ಒಯ್ಯುತ್ತಾರೆ. ರಕ್ತದೊತ್ತಡ ಕುಸಿದಿರುವ ನಾಯಿ ಆ ಮೇಜಿನ ಮೇಲೆಯೇ ಸಾಯಬಹುದು.

1. ಡ್ರಿಪ್

ಎರಡೂ ಮುಂಗಾಲಿಗೆ ಒಂದೊಂದು ದಪ್ಪ ಕ್ಯಾನುಲಾ ಹಾಕಿ, 16 ಅಥವಾ 18 ಗೇಜ್. ಹಿಂಗಾಲು ಬೇಡ. ಉಬ್ಬಿದ ಜಠರ ಹೊಟ್ಟೆಯೊಳಗಿನ ಮಹಾಸಿರೆಯನ್ನು ಒತ್ತಿ ಹಿಡಿದಿರುವುದರಿಂದ ಅಲ್ಲಿ ಕೊಟ್ಟ ದ್ರವ ಹೃದಯಕ್ಕೆ ಸರಿಯಾಗಿ ತಲುಪುವುದಿಲ್ಲ. 22 ಗೇಜ್ ಕ್ಯಾನುಲಾ ಇಲ್ಲಿ ದಂಡ, ಬೇಕಾದ ವೇಗ ಅದರಲ್ಲಿ ಬರುವುದಿಲ್ಲ.

40 ಕೆ.ಜಿ. ತೂಕದ ಶೆಫರ್ಡ್ ಬಂದಿದೆ ಎಂದುಕೊಳ್ಳಿ. ಹೃದಯ ಬಡಿತ ನಿಮಿಷಕ್ಕೆ 180, ಒಸಡು ಬಿಳಿಚಿದೆ, ತೊಡೆಯ ನಾಡಿ ಕ್ಷೀಣ. ರಿಂಗರ್ ಲ್ಯಾಕ್ಟೇಟ್ ಕೆ.ಜಿ.ಗೆ 20 ಮಿ.ಲೀ. ಲೆಕ್ಕದಲ್ಲಿ 800 ಮಿ.ಲೀ. ಅನ್ನು 15 ನಿಮಿಷದಲ್ಲಿ ಹರಿಸಿ, ಮತ್ತೆ ನಾಡಿ, ಒಸಡು ನೋಡಿ. ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಪೂರ್ತಿ ಪ್ರಮಾಣವನ್ನು ಕಣ್ಣುಮುಚ್ಚಿ ಒಂದೇ ಸಲ ಸುರಿಯಬೇಡಿ. ಜೊತೆಗೆ ಆಮ್ಲಜನಕ, ನೋವಿಗೆ ಮೆಥಡೋನ್ ಅಥವಾ ಫೆಂಟನಿಲ್. ಅಸೆಪ್ರೊಮಜಿನ್ ಕೊಟ್ಟರೆ ಒತ್ತಡ ಇನ್ನೂ ಕುಸಿಯುತ್ತದೆ.

2. ಗಾಳಿ ತೆಗೆಯುವುದು

ಡ್ರಿಪ್ ಹರಿಯುತ್ತಿರುವಾಗಲೇ ಇದನ್ನು ಮಾಡಿ. ನಳಿಕೆಗಿಂತ ಸೂಜಿಯೇ ಮೊದಲ ಆಯ್ಕೆಯಾಗಲಿ. ಒದ್ದಾಡುವ ನಾಯಿಯ ಬಾಯಿಗೆ ನಳಿಕೆ ತುರುಕುವಷ್ಟರಲ್ಲಿ ಅಮೂಲ್ಯ ಸಮಯ ಕಳೆದಿರುತ್ತದೆ.

ಕೊನೆಯ ಪಕ್ಕೆಲುಬಿನ ಹಿಂದೆ ಎರಡೂ ಬದಿ ಬೆರಳಿನಿಂದ ತಟ್ಟಿ. ಅತಿ ಟೊಳ್ಳಾಗಿ ಸದ್ದು ಬರುವ ಜಾಗವೇ ಸರಿಯಾದ ಜಾಗ. ಮಂದ ಸದ್ದು ಬಂದರೆ ಅಲ್ಲಿ ಗುಲ್ಮ ಇರಬಹುದು, ಚುಚ್ಚಬೇಡಿ. ಕೂದಲು ತೆಗೆದು, ಚರ್ಮ ಶುಚಿಗೊಳಿಸಿ, 14 ಅಥವಾ 16 ಗೇಜಿನ ಉದ್ದನೆಯ ಕ್ಯಾನುಲಾವನ್ನು ಒಳಕ್ಕೆ ಒತ್ತಿ. ಗಾಳಿ ಬುಸ್ಸೆಂದ ಮೇಲೆ ಸೂಜಿ ಹಿಂತೆಗೆದು ಪ್ಲಾಸ್ಟಿಕ್ ಕೊಳವೆಯನ್ನು ಮಾತ್ರ ಒಳಗಿಡಿ. ಗಿಡ್ಡ ಕೊಳವೆ, ಜಠರ ಕುಗ್ಗುತ್ತಿದ್ದಂತೆ ಕಳಚಿಕೊಳ್ಳುತ್ತದೆ.

ಸೂಜಿಯಿಂದ ಆಗದಿದ್ದರೆ ನಳಿಕೆ. ಬಾಚಿಹಲ್ಲಿನಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕಿ, ಜೆಲ್ ಹಚ್ಚಿ, ನಿಧಾನವಾಗಿ ತಿರುಗಿಸುತ್ತಾ ಇಳಿಸಿ. ತಡೆದರೆ ಬಲ ಹಾಕಬೇಡಿ, ಅನ್ನನಾಳ ಹರಿಯುತ್ತದೆ. ಹಳೆಯದಾಗಿ ಗಟ್ಟಿಯಾದ ನಳಿಕೆಯನ್ನು ಎಸೆದುಬಿಡಿ. ಒಂದು ಮಾತು: ನಳಿಕೆ ಸಲೀಸಾಗಿ ಇಳಿಯಿತು ಎಂದರೆ ಜಠರ ತಿರುಚಿಲ್ಲ ಎಂದರ್ಥವಲ್ಲ. ಈ ತಪ್ಪು ತೀರ್ಮಾನದಿಂದ ಮನೆಗೆ ಹೋದ ನಾಯಿಗಳು ಬದುಕುವುದು ಅಪರೂಪ.

3. ಎಕ್ಸ್‌ರೇ

ನಾಡಿ ತುಸು ಸುಧಾರಿಸಿದ ಮೇಲೆ ಒಂದೇ ಚಿತ್ರ, ಬಲ ಮಗ್ಗುಲಲ್ಲಿ ಮಲಗಿಸಿ. ಅಂಗಾತ ಮಲಗಿಸಿದರೆ ಜಠರದ ಭಾರವೆಲ್ಲ ಮಹಾಸಿರೆಯ ಮೇಲೆ ಬೀಳುತ್ತದೆ, ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಬಲ ಮಗ್ಗುಲೇ ಏಕೆ? ಆರೋಗ್ಯವಂತ ನಾಯಿಯಲ್ಲಿ ಪೈಲೋರಸ್, ಅಂದರೆ ಜಠರದ ಹೊರದಾರಿ, ಬಲಕ್ಕಿದೆ. ಬಲ ಮಗ್ಗುಲಾದಾಗ ಅದು ತಳದಲ್ಲಿದ್ದು ದ್ರವ ತುಂಬಿಕೊಳ್ಳುತ್ತದೆ, ಗಾಳಿ ಫಂಡಸ್‌ನಲ್ಲಿ ಉಳಿಯುತ್ತದೆ. ತಿರುಚಿದಾಗ ಪೈಲೋರಸ್ ಎಡಕ್ಕೆ, ಬೆನ್ನಿನ ಕಡೆಗೆ ಸರಿದಿರುತ್ತದೆ. ಆಗ ಬಲ ಮಗ್ಗುಲಲ್ಲಿ ಅದೇ ಮೇಲಾಗಿ ಗಾಳಿ ತುಂಬಿಕೊಳ್ಳುತ್ತದೆ. ಚಿತ್ರದಲ್ಲಿ ಎರಡು ಕಪ್ಪು ಗುಳ್ಳೆ ಕಾಣುತ್ತವೆ: ದೊಡ್ಡದು ಫಂಡಸ್, ಅದರ ಮುಂದೆ ಬೆನ್ನಿನ ಬದಿಗೆ ಕುಳಿತ ಚಿಕ್ಕದು ಪೈಲೋರಸ್. ನಡುವೆ ಬಿಳಿ ಪಟ್ಟಿ, ಮಡಚಿಕೊಂಡ ಜಠರಗೋಡೆ. ಎಡ ಮಗ್ಗುಲಲ್ಲಿ ತೆಗೆದರೆ ಪೈಲೋರಸ್‌ಗೆ ದ್ರವ ತುಂಬಿ ಈ ಗುರುತೇ ಮರೆಯಾಗಬಹುದು.

ಒಂದೇ ದೊಡ್ಡ ಗುಳ್ಳೆ ಇದ್ದು ಪೈಲೋರಸ್ ತನ್ನ ಜಾಗದಲ್ಲೇ ಇದ್ದರೆ ಬರಿಯ ಉಬ್ಬರ ಇರಬಹುದು. ಗಾಳಿ ತೆಗೆದ ಮೇಲೆ ಗುಳ್ಳೆ ಕುಗ್ಗಿ ಗುರುತು ಮಸುಕಾಗುವುದುಂಟು, ಆಗ ಪೈಲೋರಸ್ ಎಲ್ಲಿದೆ ಎಂಬುದನ್ನೇ ಹುಡುಕಿ. ಜಠರದ ಹೊರಗೆ ಗಾಳಿ ಕಂಡರೆ ಗೋಡೆ ಒಡೆದಿರಬಹುದು, ಆದರೆ ನೀವು ಆಗಲೇ ಸೂಜಿ ಚುಚ್ಚಿದ್ದರೆ ಅಲ್ಲಿಂದ ಸೋರಿದ್ದೂ ಆಗಿರಬಹುದು.

4. ಹೃದಯ ಮತ್ತು ಲ್ಯಾಕ್ಟೇಟ್

ಇಸಿಜಿ ಹಚ್ಚಿಯೇ ಇರಿ. ಕುಹರದಿಂದ ಹುಟ್ಟುವ ಅಡ್ಡ ಬಡಿತಗಳು ವೇಗವಾಗಿ, ಸಾಲುಸಾಲಾಗಿ ಬಂದು ನಾಡಿ ಕ್ಷೀಣಿಸಿದರೆ ಲಿಡೋಕೇನ್ ಕೆ.ಜಿ.ಗೆ 2 ಮಿ.ಗ್ರಾಂ. ಈ ಶೆಫರ್ಡ್‌ಗೆ ಶೇ 2ರ ದ್ರಾವಣ 4 ಮಿ.ಲೀ., ಒಂದೆರಡು ನಿಮಿಷದಲ್ಲಿ ನಿಧಾನವಾಗಿ. ಬಾಟಲಿಯ ಚೀಟಿ ಓದಿ: ಅಡ್ರಿನಾಲಿನ್ ಬೆರೆಸಿದ ಲಿಡೋಕೇನ್ ಖಂಡಿತ ಬೇಡ.

ರಕ್ತದ ಲ್ಯಾಕ್ಟೇಟ್ 6 ಮಿಲಿಮೋಲ್‌ಗಿಂತ ಹೆಚ್ಚಿದ್ದರೆ ಜಠರಗೋಡೆ ಕೊಳೆತಿರುವ ಶಂಕೆ ಬಲವಾಗುತ್ತದೆ. ಆದರೂ ಮೊದಲ ಒಂದು ಅಂಕಿ ನೋಡಿ ಕೈಬಿಡಬೇಡಿ. ಡ್ರಿಪ್ ಕೊಟ್ಟ ಮೇಲೆ ಅದು ಚೆನ್ನಾಗಿ ಇಳಿದರೆ ನಾಯಿ ಉಳಿಯುವ ಸಾಧ್ಯತೆ ಹೆಚ್ಚು.

ಗಾಳಿ ಹೋಗಿ, ನಾಡಿ ತುಂಬಿ, ಒಸಡು ಕೆಂಪಾದರೆ ಕೂಡಲೇ ಶಸ್ತ್ರಚಿಕಿತ್ಸೆ. ನಾಯಿ ಎದ್ದು ಬಾಲ ಆಡಿಸಿತೆಂದು ಬೆಳಗಿನವರೆಗೆ ಕಾಯಬೇಡಿ. ತಿರುಚಿದ್ದು ಇನ್ನೂ ತಿರುಚಿಯೇ ಇದೆ, ಗಾಳಿ ಮತ್ತೆ ತುಂಬುತ್ತದೆ.